ಶಾಲೆಯ ಮತ್ತು ಮನೆಯ ಗ್ರೂಪ್ ಫೋಟೋ: ಮಕ್ಕಳ ಮುಖ ಬದಲಿಸುವ ಮುನ್ನ, ಹಂಚುವ ಮುನ್ನ

ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೋದಲ್ಲಿ ಎಲ್ಲರ ಕಣ್ಣೂ ಒಂದೇ ಕ್ಷಣದಲ್ಲಿ ತೆರೆದಿರುವುದು ಅಪರೂಪ. ಆದ್ದರಿಂದಲೇ ಛಾಯಾಗ್ರಾಹಕರು ಒಂದೇ ಜಾಗದಿಂದ ಐದಾರು ಬಾರಿ ಕ್ಲಿಕ್ ಮಾಡಿ, ಒಂದರಲ್ಲಿ ಕಣ್ಣು ಮುಚ್ಚಿದ ಮಗುವಿನ ಮುಖವನ್ನು ಇನ್ನೊಂದರಿಂದ ತೆಗೆದು ಕೂರಿಸುತ್ತಾರೆ. ಫಿಲ್ಮ್ ಇದ್ದ ಕಾಲದಲ್ಲಿ ಸ್ಟುಡಿಯೋದವರಿಗೆ ಮಾತ್ರ ಸಾಧ್ಯವಿದ್ದ ಈ ಕೆಲಸವನ್ನು ಈಗ ಶಿಕ್ಷಕರು, ತಂದೆತಾಯಿಗಳು, ಮದುವೆ ಮನೆಯಲ್ಲಿ ಮೊಬೈಲ್ ಹಿಡಿದ ಯಾರಾದರೂ ಮಾಡಬಹುದು. ಆದರೆ ಇಲ್ಲಿ ಬದಲಾಗುವ ಮುಖ ಮಗುವಿನದು. ಅದಕ್ಕೆ ತನ್ನ ಚಿತ್ರ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ವಯಸ್ಸಾಗಲಿ, ಬೇಡವೆನ್ನುವ ಅವಕಾಶವಾಗಲಿ ಸಾಮಾನ್ಯವಾಗಿ ಇರುವುದಿಲ್ಲ.

ಕೆಲಸದ ಕ್ರಮ ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ನಾಲ್ಕನೇ ತರಗತಿಯ 42 ಮಕ್ಕಳು ಮೂರು ಸಾಲಿನಲ್ಲಿ ನಿಂತಿದ್ದಾರೆ, ಕ್ಯಾಮೆರಾ ಟ್ರೈಪಾಡ್ ಮೇಲಿದೆ, ಐದು ಫ್ರೇಮ್ ತೆಗೆಯಲಾಗಿದೆ. ಮೂರನೇ ಫ್ರೇಮ್ ಒಟ್ಟಾರೆ ಚೆನ್ನಾಗಿದೆ, ಆದರೆ ಅದರಲ್ಲಿ ಇಬ್ಬರ ಕಣ್ಣು ಮುಚ್ಚಿದೆ ಮತ್ತು ಒಬ್ಬಳು ಪಕ್ಕಕ್ಕೆ ತಿರುಗಿದ್ದಾಳೆ. ಒಬ್ಬ ಹುಡುಗನ ಮನೆಯವರು, ಅವನ ಫೋಟೋ ಇಂಟರ್‌ನೆಟ್‌ನಲ್ಲಿ ಎಲ್ಲಿಯೂ ಬರಬಾರದು ಎಂದು ಶಾಲೆಗೆ ತಿಳಿಸಿದ್ದಾರೆ.

## ಯಾವ ಬದಲಾವಣೆ ಸಲ್ಲುತ್ತದೆ

ಮೊದಲು ತೀರ್ಮಾನಿಸಬೇಕಾದದ್ದು, ಈ ಮುಖ ಎಲ್ಲಿಂದ ಬರುತ್ತಿದೆ ಎಂಬುದು. ಅದೇ ಮಗುವಿನ, ಅದೇ ದಿನದ, ಅದೇ ಜಾಗದಲ್ಲಿ ಕೆಲವೇ ಕ್ಷಣಗಳ ಅಂತರದಲ್ಲಿ ತೆಗೆದ ಇನ್ನೊಂದು ಫ್ರೇಮ್‌ನಿಂದ ಬಂದ ಮುಖವಾದರೆ ಆ ಬದಲಾವಣೆ ಸಲ್ಲುತ್ತದೆ. ಮಗು ನಿಜವಾಗಿಯೂ ಅಲ್ಲಿತ್ತು, ಹಾಗೆಯೇ ಕಾಣುತ್ತಿತ್ತು, ಚಿತ್ರ ಸುಳ್ಳು ಹೇಳುತ್ತಿಲ್ಲ. ಗೂಗಲ್ ಕಂಪನಿಯ ಪಿಕ್ಸೆಲ್ 8 ಫೋನಿನಲ್ಲಿ 2023ರಲ್ಲಿ ಬಂದ ‘ಬೆಸ್ಟ್ ಟೇಕ್’ ಸೌಲಭ್ಯವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಬೆನ್ನುಬೆನ್ನಿಗೆ ತೆಗೆದ ಫೋಟೋಗಳಿಂದ ಪ್ರತಿಯೊಬ್ಬರ ಒಳ್ಳೆಯ ಮುಖಭಾವವನ್ನು ಆರಿಸಿ ಒಂದೇ ಚಿತ್ರಕ್ಕೆ ತರುತ್ತದೆ.

ಮುಚ್ಚಿದ ಕಣ್ಣನ್ನು ತಾನೇ ಊಹಿಸಿ ತೆರೆಯುವ ಆ್ಯಪ್‌ಗಳು ಮಾಡುವುದು ಬೇರೆಯದೇ ಕೆಲಸ. ಅಲ್ಲಿ ಮೂಡುವ ಕಣ್ಣು ಆ ಮಗುವಿನದಲ್ಲ, ಯಂತ್ರ ರಚಿಸಿದ್ದು. ಚಿಕ್ಕ ಗಾತ್ರದಲ್ಲಿ ನೋಡಿದವರಿಗೆ ವ್ಯತ್ಯಾಸ ತಿಳಿಯದಿದ್ದರೂ ಹೆತ್ತ ತಾಯಿಗೆ ತಿಳಿಯುತ್ತದೆ. ಕಳೆದ ವರ್ಷದ ಫೋಟೋದಿಂದ ಮುಖ ತಂದು ಕೂರಿಸುವುದನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಒಂಬತ್ತು ವರ್ಷದ ಮಗುವಿನ ಹಲ್ಲು, ಗಲ್ಲ, ಕೂದಲು ಒಂದೇ ವರ್ಷದಲ್ಲಿ ಬದಲಾಗಿರುತ್ತವೆ. ಅಂದು ಗೈರಾದ ಮಗುವನ್ನು ಗುಂಪಿನೊಳಗೆ ಅಂಟಿಸುವುದಕ್ಕಿಂತ, ಹಿಂದಿನಿಂದ ನಡೆದು ಬಂದ ಪದ್ಧತಿಯಂತೆ ಆ ಮಗುವಿನ ಫೋಟೋವನ್ನು ಮೂಲೆಯಲ್ಲಿ ಪ್ರತ್ಯೇಕ ಚೌಕದೊಳಗೆ ಹಾಕುವುದು ಪ್ರಾಮಾಣಿಕವಾದ ದಾರಿ.

ಮುಖ ಬದಲಿಸುವಾಗ ಅದರ ಜೊತೆಗೆ ಬಂದುಬಿಡುವ ಇನ್ನೊಂದು ಅಭ್ಯಾಸವನ್ನು ಇಲ್ಲಿಯೇ ತಡೆಯಬೇಕು. ನಮ್ಮ ಅನೇಕ ಸ್ಟುಡಿಯೋಗಳಲ್ಲಿ ಮಕ್ಕಳ ಮೈಬಣ್ಣವನ್ನು ಕೇಳದೆಯೇ ತಿಳಿಯಾಗಿಸುವ, ಮಚ್ಚೆ ಅಳಿಸುವ, ಮೆಳ್ಳಗಣ್ಣನ್ನು ನೇರಗೊಳಿಸುವ ರೂಢಿ ಇದೆ. ಕಣ್ಣು ತೆರೆದಿರುವ ಮುಖವನ್ನು ತರುವುದಕ್ಕೆ ಮನೆಯವರು ಕೊಟ್ಟ ಒಪ್ಪಿಗೆ ಇದಕ್ಕೆ ಅನ್ವಯಿಸುವುದಿಲ್ಲ. ತರಗತಿಯ ಫೋಟೋದಲ್ಲಿ ತಾನೊಬ್ಬಳೇ ಬಿಳಿಚಿಕೊಂಡಿರುವುದನ್ನು ಕಂಡ ಹುಡುಗಿಗೆ, ತನ್ನ ಬಣ್ಣ ತಪ್ಪು ಎಂದು ದೊಡ್ಡವರು ತೀರ್ಮಾನಿಸಿದ್ದಾರೆ ಎಂಬುದು ಯಾರೂ ಹೇಳದೆಯೇ ಅರ್ಥವಾಗುತ್ತದೆ.

## ಒಪ್ಪಿಗೆ: ಯಾರಿಂದ, ಯಾವುದಕ್ಕೆ

ಶಾಲೆ ಮತ್ತು ಮನೆಯ ನಡುವೆ ಕಾನೂನು ಒಂದು ವ್ಯತ್ಯಾಸ ಮಾಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ವರ್ಷ ತುಂಬದ ಎಲ್ಲರೂ ಮಕ್ಕಳು, ಮತ್ತು ಅವರ ವೈಯಕ್ತಿಕ ದತ್ತಾಂಶವನ್ನು ಬಳಸುವ ಮುನ್ನ ತಂದೆತಾಯಿಗಳ ಅಥವಾ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ ಹದಿನೆಂಟು ತಿಂಗಳ ಅವಧಿಯ ನಂತರ ಜಾರಿಗೆ ಬರುವಂತೆ ಹಂತಗಳನ್ನು ಇಡಲಾಗಿದೆ. ವ್ಯಕ್ತಿಯೊಬ್ಬರು ತಮ್ಮ ಸ್ವಂತ ಅಥವಾ ಮನೆಯ ಬಳಕೆಗಾಗಿ ಮಾಡುವ ಕೆಲಸಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಫೋಟೋವನ್ನು ಮನೆಯ ಗುಂಪಿಗೆ ಕಳುಹಿಸುವ ಚಿಕ್ಕಪ್ಪನನ್ನು ಇದು ಮುಟ್ಟುವುದಿಲ್ಲ. ಆದರೆ ಅದರಿಂದ ಅವರಿಗೆ ಕೇಳುವ ಕರ್ತವ್ಯ ತಪ್ಪಿತು ಎಂದಲ್ಲ. ತಮ್ಮನ ಮಗಳ ಚಿತ್ರವನ್ನು ಫೇಸ್‌ಬುಕ್‌ಗೆ ಹಾಕುವ ಮುನ್ನ ತಮ್ಮನನ್ನೂ ನಾದಿನಿಯನ್ನೂ ಕೇಳುವುದಕ್ಕೆ ಕಾಯ್ದೆ ಬೇಕಾಗಿಲ್ಲ.

ಶಾಲೆಗಳು ಪ್ರವೇಶ ಅರ್ಜಿಯ ಕೊನೆಯಲ್ಲಿ ‘ಮಗುವಿನ ಭಾವಚಿತ್ರವನ್ನು ಬಳಸಲು ಒಪ್ಪಿಗೆ ಇದೆ’ ಎಂಬ ಒಂದು ಸಾಲು ಸೇರಿಸಿ ಸಹಿ ಪಡೆಯುತ್ತವೆ. ಅದು ಸಾಲದು. ಒಂದೇ ಫೋಟೋ ನಾಲ್ಕು ಬೇರೆ ಬೇರೆ ಕಡೆ ಹೋಗುತ್ತದೆ, ಮತ್ತು ಪ್ರತಿಯೊಂದರ ಅಪಾಯವೂ ಬೇರೆ. ನಮ್ಮ ಊರುಗಳಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನವೇ ಮಕ್ಕಳ ಮುಖ, ಹೆಸರು, ಅಂಕ ಮೂರನ್ನೂ ಹೊತ್ತ ಫ್ಲೆಕ್ಸ್‌ಗಳು ಸರ್ಕಲ್‌ನಲ್ಲಿ ನಿಲ್ಲುತ್ತವೆ. ತರಗತಿಯ ಫೋಟೋಗೆ ನಿಲ್ಲಲು ಒಪ್ಪಿದ ಮನೆಯವರು ಪ್ರವೇಶದ ಜಾಹೀರಾತಿಗೂ ಒಪ್ಪಿದ್ದಾರೆ ಎಂದು ಭಾವಿಸುವಂತಿಲ್ಲ. ಆದ್ದರಿಂದ ಒಪ್ಪಿಗೆ ಪತ್ರದಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ಉತ್ತರ ಕೇಳಬೇಕು. ಪತ್ರ ಹೀಗಿರಬಹುದು:

> ದಿನಾಂಕ ……ರಂದು ತೆಗೆಯುವ ತರಗತಿಯ ಗ್ರೂಪ್ ಫೋಟೋದಲ್ಲಿ ನನ್ನ ಮಗ/ಮಗಳು ನಿಲ್ಲಲು ಒಪ್ಪಿಗೆ ಇದೆ / ಇಲ್ಲ.
> ಕಣ್ಣು ಮುಚ್ಚಿದ್ದರೆ, ಅದೇ ದಿನದ ಇನ್ನೊಂದು ಫೋಟೋದಿಂದ ಅದೇ ಮಗುವಿನ ಮುಖವನ್ನು ತೆಗೆದು ಸೇರಿಸಲು ಒಪ್ಪಿಗೆ ಇದೆ / ಇಲ್ಲ. ಬೇರೆ ಯಾವ ತಿದ್ದುಪಡಿಯನ್ನೂ ಮಾಡುವುದಿಲ್ಲ.
> ಮುದ್ರಿತ ಪ್ರತಿಯನ್ನು ತರಗತಿಯ ಇತರ ಕುಟುಂಬಗಳಿಗೆ ಕೊಡಲು ಒಪ್ಪಿಗೆ ಇದೆ / ಇಲ್ಲ.
> ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಲು ಒಪ್ಪಿಗೆ ಇದೆ / ಇಲ್ಲ.
> ಶಾಲೆಯ ವೆಬ್‌ಸೈಟ್ ಮತ್ತು ಸಾಮಾಜಿಕ ಜಾಲತಾಣಕ್ಕೆ ಬಳಸಲು ಒಪ್ಪಿಗೆ ಇದೆ / ಇಲ್ಲ. ಫ್ಲೆಕ್ಸ್ ಅಥವಾ ಜಾಹೀರಾತಿಗೆ ಬಳಸಲು ಒಪ್ಪಿಗೆ ಇದೆ / ಇಲ್ಲ.
> ಈ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಹಿಂಪಡೆಯಲು ಸಂಪರ್ಕಿಸಬೇಕಾದವರು: ……

ಉತ್ತರ ಬಾರದ ಪತ್ರವನ್ನು ‘ಇಲ್ಲ’ ಎಂದೇ ಎಣಿಸಬೇಕು. ‘ಇಲ್ಲ’ ಎಂದವರಿಂದ ಕಾರಣ ಕೇಳಬಾರದು; ತರಗತಿಯ ಗುಂಪಿನಲ್ಲಂತೂ ಕೇಳಲೇಬಾರದು. ಮಗುವಿನ ಸುಪರ್ದಿಯ ವ್ಯಾಜ್ಯ ನಡೆಯುತ್ತಿರಬಹುದು, ಹಿಂಸೆ ಕೊಟ್ಟವರಿಂದ ದೂರ ಬಂದು ತಾಯಿ ಬೇರೆ ಊರಿನಲ್ಲಿ ನೆಲೆಸಿರಬಹುದು. ಹೀಗಿರುವಾಗ ಸಮವಸ್ತ್ರದ ಮೇಲಿನ ಲಾಂಛನ ಸ್ಪಷ್ಟವಾಗಿ ಕಾಣುವ ಒಂದು ಫೋಟೋ, ಹುಡುಕುತ್ತಿರುವವರಿಗೆ ವಿಳಾಸ ಕೊಟ್ಟಂತೆಯೇ ಆಗುತ್ತದೆ. ಬಾಲಮಂದಿರದಿಂದ ಬರುವ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಹೆಸರು, ಶಾಲೆ, ಚಿತ್ರ ಸೇರಿದಂತೆ ಗುರುತು ತಿಳಿಸುವ ಯಾವುದನ್ನೂ ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು ನಿಷೇಧಿಸುತ್ತದೆ.

ಎಂಟು ಹತ್ತು ವರ್ಷದ ಮಗುವನ್ನೂ ಕೇಳಬೇಕು. ತಿದ್ದಿದ ಚಿತ್ರವನ್ನು ತೋರಿಸಿ ‘ಇದು ಸರಿಯಿದೆಯೇ?’ ಎಂದರೆ ಸಾಕು. ತಂದೆತಾಯಿಗಳು ಒಪ್ಪಿ ಮಗು ಬೇಡವೆಂದರೆ, ಕನಿಷ್ಠ ಇಂಟರ್‌ನೆಟ್‌ಗೆ ಹೋಗುವ ಪ್ರತಿಯ ಮಟ್ಟಿಗೆ ಮಗುವಿನ ಮಾತೇ ನಡೆಯಬೇಕು.

## ಕೆಲಸ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯಲಿ

‘ಮುಖ ಬದಲಿಸಿ, ಉಚಿತ’ ಎಂದು ಬರುವ ಬಹುತೇಕ ವೆಬ್‌ಸೈಟ್‌ಗಳು ಮತ್ತು ಅನೇಕ ಆ್ಯಪ್‌ಗಳು ಫೋಟೋವನ್ನು ತಮ್ಮ ಸರ್ವರ್‌ಗೆ ಏರಿಸಿಕೊಂಡು ಅಲ್ಲಿ ಕೆಲಸ ಮಾಡುತ್ತವೆ. ತರಗತಿಯ ಫೋಟೋವನ್ನು ಅಲ್ಲಿಗೆ ಏರಿಸಿದಾಗ ಹೋಗುವುದು ಕಣ್ಣು ಮುಚ್ಚಿದ ಒಂದು ಮಗುವಲ್ಲ, ನಲವತ್ತೆರಡು ಮಕ್ಕಳು. ಅವರಲ್ಲಿ ನಲವತ್ತೊಂದು ಮನೆಗಳವರಿಗೆ ಈ ವಿಷಯವೇ ಗೊತ್ತಿರುವುದಿಲ್ಲ. ಇಂತಹ ಸೇವೆಯನ್ನು ಬಳಸಲೇಬೇಕಾದರೆ ಅದರ ಷರತ್ತುಗಳಲ್ಲಿ ಎರಡು ವಿಷಯಗಳನ್ನು ಹುಡುಕಬೇಕು: ಏರಿಸಿದ ಚಿತ್ರವನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಮತ್ತು ಅದನ್ನು ತಮ್ಮ ತಂತ್ರಾಂಶದ ತರಬೇತಿಗೆ ಬಳಸುತ್ತಾರೆಯೇ. ಎರಡಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ ಮಕ್ಕಳ ಫೋಟೋ ಅಲ್ಲಿಗೆ ಹೋಗಬಾರದು. ಅಜ್ಜನ ಮೈಗೆ ಮೊಮ್ಮಗಳ ಮುಖ ಕೂರಿಸಿ ನಗುವ ಆ್ಯಪ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಯಾವುದೇ ಆ್ಯಪ್ ಇಡೀ ಗ್ಯಾಲರಿಗೆ ಅನುಮತಿ ಕೇಳಿದರೆ ಒಪ್ಪಬೇಡಿ. ಆಂಡ್ರಾಯ್ಡ್ 14 ಮತ್ತು ಐಒಎಸ್ 14ರಿಂದ ಮುಂದಿನ ಫೋನ್‌ಗಳಲ್ಲಿ ಆರಿಸಿದ ಫೋಟೋಗಳನ್ನಷ್ಟೇ ಕೊಡುವ ಆಯ್ಕೆ ಇರುತ್ತದೆ.

ಇಂಟರ್‌ನೆಟ್ ಇಲ್ಲದೆಯೇ ಈ ಕೆಲಸ ಮಾಡಲು ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶ ಸಾಕು.

## ಒಂದು ಮುಖ ಬದಲಿಸುವ ಕ್ರಮ

ಮೂಲ ಫೋಟೋಗಳನ್ನು ಬೇರೆ ಫೋಲ್ಡರ್‌ನಲ್ಲಿ ಹಾಗೆಯೇ ಇಟ್ಟು, ಪ್ರತಿಗಳ ಮೇಲೆ ಕೆಲಸ ಮಾಡಿ. ಆರಂಭಿಸುವ ಮುನ್ನ ಒಂದು ಕಾಗದದ ಮೇಲೆ ‘ಎರಡನೇ ಸಾಲು, ನೋಡುವವರ ಎಡದಿಂದ ಏಳನೆಯವಳು, ಐದನೇ ಫ್ರೇಮ್‌ನಿಂದ’ ಎಂದು ಪ್ರತಿ ಬದಲಾವಣೆಯನ್ನೂ ಬರೆದುಕೊಳ್ಳಬೇಕು. ಇದು ಅತಿಯಾದ ಎಚ್ಚರವೆಂದು ತೋರಬಹುದು. ಆದರೆ ಒಂದೇ ಸಮವಸ್ತ್ರ, ಒಂದೇ ಬಗೆಯ ಎರಡು ಜಡೆ, ಒಂದೇ ಬಣ್ಣದ ರಿಬ್ಬನ್ ಇರುವ ಸಾಲಿನಲ್ಲಿ ಎರಡು ಫ್ರೇಮ್‌ಗಳ ನಡುವೆ ಅಕ್ಕಪಕ್ಕದ ಮಕ್ಕಳು ಜಾಗ ಬದಲಿಸಿಕೊಂಡಿದ್ದರೆ, ಮಕ್ಕಳ ಪರಿಚಯವಿಲ್ಲದ ಛಾಯಾಗ್ರಾಹಕ ಒಬ್ಬಳ ಮೈಮೇಲೆ ಇನ್ನೊಬ್ಬಳ ಮುಖ ಇಟ್ಟುಬಿಡುತ್ತಾನೆ. ಅವಳಿ ಮಕ್ಕಳಿದ್ದರಂತೂ ಈ ತಪ್ಪು ಮುದ್ರಣವಾಗಿ ಮನೆ ತಲುಪುವವರೆಗೂ ಗೊತ್ತಾಗುವುದಿಲ್ಲ.

ಗಿಂಪ್‌ನಲ್ಲಿ ಆಧಾರವಾಗಿ ಆರಿಸಿದ ಮೂರನೇ ಫ್ರೇಮ್ ಅನ್ನು ತೆರೆದು, `File > Open as Layers` ಮೂಲಕ ಐದನೇ ಫ್ರೇಮ್ ಅನ್ನು ಅದರ ಮೇಲಿನ ಪದರವಾಗಿ ತನ್ನಿ. ಮೇಲಿನ ಪದರದ ಮೋಡ್ ಅನ್ನು `Difference` ಮಾಡಿದರೆ ಎರಡೂ ಚಿತ್ರ ಒಂದೇ ಆಗಿರುವ ಕಡೆ ಕಪ್ಪಾಗಿಯೂ, ವ್ಯತ್ಯಾಸವಿರುವ ಕಡೆ ಬೆಳಕಿನ ಗೆರೆಯಾಗಿಯೂ ಕಾಣುತ್ತದೆ. ಇಡೀ ಚಿತ್ರ ಹೊಂದಬೇಕಾಗಿಲ್ಲ. ನಿಮಗೆ ಬೇಕಾದ ಮಗುವಿನ ಭುಜ ಮತ್ತು ಕಾಲರ್ ಕಪ್ಪಾಗುವವರೆಗೆ ಪದರವನ್ನು `Move` ಸಾಧನದಿಂದ ಸರಿಸಿ, ನಂತರ ಮೋಡ್ ಅನ್ನು `Normal` ಮಾಡಿ.

ಈಗ ಮೇಲಿನ ಪದರಕ್ಕೆ `Add Layer Mask` ಆರಿಸಿ `Black (full transparency)` ಕೊಟ್ಟರೆ ಅದು ಪೂರ್ತಿ ಮರೆಯಾಗುತ್ತದೆ. ಅಂಚು ಮೃದುವಾಗಿರುವ ಬ್ರಷ್‌ನಿಂದ, ಬಿಳಿ ಬಣ್ಣದಲ್ಲಿ, ಆ ಮಗುವಿನ ತಲೆ ಇರುವ ಜಾಗದ ಮೇಲೆ ಬಳಿದರೆ ಐದನೇ ಫ್ರೇಮ್‌ನ ಮುಖ ಮೂಡುತ್ತದೆ. ಹೆಚ್ಚಾದರೆ ಕಪ್ಪು ಬಣ್ಣದಲ್ಲಿ ಹಿಂದಕ್ಕೆ ತರಬಹುದು. ಸುಮಾರು 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಸಾಲಿಗೆ ಹದಿನಾಲ್ಕು ಮಕ್ಕಳಿದ್ದರೆ ಒಂದೊಂದು ಮುಖ ಇನ್ನೂರು ಪಿಕ್ಸೆಲ್ ಆಸುಪಾಸಿನಲ್ಲಿರುತ್ತದೆ. ಅಂಚಿಗೆ ಇಪ್ಪತ್ತು ಮೂವತ್ತು ಪಿಕ್ಸೆಲ್‌ನ ಬ್ರಷ್ ಸರಿಹೋಗುತ್ತದೆ.

ಜೋಡಣೆಯ ಗೆರೆಯನ್ನು ಎಲ್ಲಿ ಇಡಬೇಕು ಎಂಬುದರಲ್ಲಿ ಕೆಲಸದ ಅಂದವೆಲ್ಲ ಇದೆ. ಕಣ್ಣು, ಮೂಗು, ಬಾಯಿಯನ್ನಷ್ಟೇ ತಂದರೆ ಕೆನ್ನೆಯ ನಡುವೆ ಗೆರೆ ಬೀಳುತ್ತದೆ, ಮುಖ ಉಬ್ಬಿದಂತೆ ಕಾಣುತ್ತದೆ. ಹಣೆಯ ಮೇಲಿನ ಕೂದಲಿನಿಂದ ಹಿಡಿದು ಕಿವಿ, ಜಡೆ, ಗಲ್ಲದ ಕೆಳಗಿನ ನೆರಳು ಎಲ್ಲವನ್ನೂ ಒಟ್ಟಿಗೆ ತಂದು, ಗೆರೆಯನ್ನು ಬಿಳಿ ಕಾಲರಿನ ಮೇಲೆ ಅಥವಾ ಹಿಂದಿನ ಗೋಡೆಯ ಮೇಲೆ ಬೀಳಿಸಬೇಕು. ಮೂರನೇ ಫ್ರೇಮ್‌ನಲ್ಲಿ ಜಡೆ ಮುಂದಿದ್ದು ಐದನೆಯದರಲ್ಲಿ ಬೆನ್ನ ಹಿಂದೆ ಹೋಗಿದ್ದರೆ, ಮೇಲೆ ಜಡೆ ಇಲ್ಲದ ತಲೆ, ಕೆಳಗೆ ಎದೆಯ ಮೇಲೆ ತುಂಡು ರಿಬ್ಬನ್ ಉಳಿಯುತ್ತದೆ. ಆಗ ಎದೆಯವರೆಗಿನ ಭಾಗವನ್ನೂ ತರಬೇಕಾಗುತ್ತದೆ.

ಮುಗಿದ ಮೇಲೆ ಚಿತ್ರವನ್ನು ನೂರು ಶೇಕಡಾ ಗಾತ್ರಕ್ಕೆ ತಂದು, ಮೇಲಿನ ಪದರದ ಕಣ್ಣಿನ ಗುರುತನ್ನು ಒತ್ತಿ ಆರಿಸುತ್ತ, ಹೊತ್ತಿಸುತ್ತ ನೋಡಿ. ಪಕ್ಕದ ಮಗುವಿನ ಭುಜ ಅಲುಗಾಡಿದರೆ ಬ್ರಷ್ ಅದರ ಮೇಲೂ ಹೋಗಿದೆ ಎಂದು ಅರ್ಥ. ಮೂಗಿನ ನೆರಳು ಅಕ್ಕಪಕ್ಕದವರಿಗಿಂತ ಬೇರೆ ಕಡೆ ಬಿದ್ದಿದ್ದರೆ ಎರಡು ಫ್ರೇಮ್‌ಗಳ ನಡುವೆ ಬೆಳಕು ಬದಲಾಗಿದೆ. ಬೇರೆ ಫ್ರೇಮ್ ಹುಡುಕುವುದು ಒಳ್ಳೆಯದು. ಕೊನೆಗೆ ತರಗತಿಯ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಪ್ರಕಾರ ಪ್ರತಿ ಮಗುವಿನ ಹೆಸರನ್ನು ಅವರೇ ಹೇಳುವಂತೆ ಕೇಳಬೇಕು. ಎಲ್ಲಿ ಅವರು ಒಂದು ಕ್ಷಣ ತಡೆಯುತ್ತಾರೋ ಅಲ್ಲಿ ನಿಮ್ಮ ಕೆಲಸವನ್ನು ಮತ್ತೆ ನೋಡಬೇಕು.

## ಒಪ್ಪಿಗೆ ಇಲ್ಲದ ಮಗುವಿನ ಮುಖ

ನಮ್ಮ ಉದಾಹರಣೆಯ ಹುಡುಗನನ್ನು ಗುಂಪಿನಿಂದ ಹೊರಗೆ ನಿಲ್ಲಿಸುವುದು ಕ್ರೌರ್ಯ. ಫೋಟೋ ತೆಗೆಯುವ ದಿನವೇ ಎಲ್ಲರೂ ಇರುವ ಚಿತ್ರ ಮುಗಿದ ಮೇಲೆ, ಏನಾದರೊಂದು ನೆಪದಲ್ಲಿ ಎರಡು ಮೂರು ಮಕ್ಕಳನ್ನು ಒಟ್ಟಿಗೆ ಪಕ್ಕಕ್ಕೆ ಕರೆದು, ಉಳಿದವರ ಇನ್ನೊಂದು ಚಿತ್ರ ತೆಗೆದುಕೊಂಡರೆ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ. ಮೊದಲನೆಯದು ಮುದ್ರಣಕ್ಕೆ, ಎರಡನೆಯದು ಇಂಟರ್‌ನೆಟ್‌ಗೆ.

ಎರಡನೇ ಚಿತ್ರ ಇಲ್ಲದಿದ್ದರೆ ಮುಖ ಮುಚ್ಚಬೇಕಾಗುತ್ತದೆ. ಇಲ್ಲಿ ಕೆಲವರು ಹುಡುಗನ ಮುಖದ ಬದಲು ಯಂತ್ರ ರಚಿಸಿದ ಅಪರಿಚಿತ ಮುಖವನ್ನು ಇಡುತ್ತಾರೆ. ಚಿತ್ರ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಅವನ ಮೈ, ಸಾಲಿನಲ್ಲಿ ಅವನ ಜಾಗ, ಕೆಳಗಿನ ಹೆಸರುಗಳ ಪಟ್ಟಿ ಎಲ್ಲವೂ ಹಾಗೆಯೇ ಇದ್ದು ಅವನ ಗುರುತು ಉಳಿಯುತ್ತದೆ. ಜೊತೆಗೆ ಅವನ ಹೆಸರಿಗೆ ಬೇರೊಂದು ಮುಖ ಅಂಟಿಕೊಳ್ಳುತ್ತದೆ. ತೆಳುವಾಗಿ ಮಬ್ಬು ಮಾಡುವುದೂ ಭರವಸೆಯ ಮಾರ್ಗವಲ್ಲ, ಪರಿಚಿತರು ಮಬ್ಬಿನಲ್ಲಿಯೂ ಗುರುತಿಸುತ್ತಾರೆ. ಪೂರ್ತಿ ಅಪಾರದರ್ಶಕವಾದ ಒಂದೇ ಬಣ್ಣದ ವೃತ್ತದಿಂದ ತಲೆಯನ್ನೇ ಮುಚ್ಚಿ, `Image > Flatten Image` ಕೊಟ್ಟು ಪದರಗಳನ್ನು ಒಂದಾಗಿಸಿ, ಜೆಪೆಗ್ ಕಡತವಾಗಿ ಹೊರತೆಗೆಯಿರಿ. ಫೋನಿನ ಹೈಲೈಟರ್‌ನಿಂದ ಗೀಚಿ ಮುಚ್ಚುವುದು ಬೇಡ, ಏಕೆಂದರೆ ಕಪ್ಪಾಗಿ ಕಂಡರೂ ಅದು ಪಾರದರ್ಶಕವಾಗಿರುವುದರಿಂದ ಚಿತ್ರದ ಬೆಳಕು ಹೆಚ್ಚಿಸಿದಾಗ ಕೆಳಗಿನ ಮುಖ ಮತ್ತೆ ಕಾಣಿಸಬಹುದು. ಪಿಡಿಎಫ್ ಅಥವಾ ವರ್ಡ್ ಕಡತದಲ್ಲಿ ಫೋಟೋದ ಮೇಲೆ ಇಟ್ಟ ಚೌಕವನ್ನು ಯಾರು ಬೇಕಾದರೂ ಸರಿಸಬಹುದು.

## ಕಡತದೊಳಗೆ ಅಡಗಿ ಹೋಗುವುದು

ಮುಖ ಮುಚ್ಚಿದ ಮೇಲೂ ಮುಖ ಹೊರಹೋಗುವ ದಾರಿಗಳಿವೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಕ್ಯಾಮೆರಾದ ಜೆಪೆಗ್ ಕಡತದೊಳಗೆ ಸಾಮಾನ್ಯವಾಗಿ ಅದರದ್ದೇ ಒಂದು ಪುಟ್ಟ ಪ್ರತಿ ಇರುತ್ತದೆ. ಕೆಲವು ತಂತ್ರಾಂಶಗಳು ದೊಡ್ಡ ಚಿತ್ರವನ್ನು ತಿದ್ದಿದಾಗ ಈ ಪುಟ್ಟ ಪ್ರತಿಯನ್ನು ತಿದ್ದದೆ ಬಿಟ್ಟುಬಿಡುತ್ತವೆ, ಅದರಲ್ಲಿ ಹುಡುಗನ ಮುಖ ಮೊದಲಿನಂತೆಯೇ ಇರುತ್ತದೆ. ಮೊಬೈಲ್‌ನಲ್ಲಿ ತೆಗೆದ ಚಿತ್ರವಾದರೆ ಸ್ಥಳದ ಅಕ್ಷಾಂಶ ರೇಖಾಂಶಗಳೂ ಇರಬಹುದು. ಮೋಷನ್ ಫೋಟೋ ಅಥವಾ ಲೈವ್ ಫೋಟೋ ಆಗಿದ್ದರೆ ಆ ಕ್ಷಣದ ಸಣ್ಣ ವಿಡಿಯೋ, ಮಕ್ಕಳ ಹೆಸರು ಕರೆಯುವ ಶಿಕ್ಷಕರ ದನಿಯೊಂದಿಗೆ, ಫೋಟೋದ ಬೆನ್ನಿಗೇ ಹೋಗುತ್ತದೆ.

ಗಿಂಪ್‌ನಲ್ಲಿ `File > Export As` ಕೊಟ್ಟಾಗ ಬರುವ ಕಿಟಕಿಯಲ್ಲಿ Exif, XMP, IPTC ಮತ್ತು thumbnail ಗುರುತುಗಳನ್ನು ತೆಗೆದುಹಾಕಿ, ಬಣ್ಣದ ಪ್ರೊಫೈಲ್ ಗುರುತನ್ನು ಮಾತ್ರ ಉಳಿಸಿಕೊಳ್ಳಿ. ಅನೇಕ ಕಡತಗಳಿದ್ದರೆ ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನದಿಂದ ಸ್ವಚ್ಛಗೊಳಿಸಿ ಪರೀಕ್ಷಿಸಬಹುದು:

```
exiftool -all= --icc_profile:all class4.jpg
exiftool -a -G1 class4.jpg
```

ಮೊದಲ ಆಜ್ಞೆ ಬಣ್ಣದ ಪ್ರೊಫೈಲ್ ಬಿಟ್ಟು ಉಳಿದ ಮಾಹಿತಿಯನ್ನು ಅಳಿಸುತ್ತದೆ, ಎರಡನೆಯದು ಏನು ಉಳಿದಿದೆ ಎಂದು ತೋರಿಸುತ್ತದೆ. ಮೊದಲ ಆಜ್ಞೆ ಹಳೆಯ ಕಡತವನ್ನು `class4.jpg_original` ಎಂಬ ಹೆಸರಿನಲ್ಲಿ ಅದೇ ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ. ಇಡೀ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಡುವವರು ಇದನ್ನು ಮರೆಯಬಾರದು.

ಫೋನಿನಲ್ಲಿಯೇ ಕತ್ತರಿಸಿದ ಹಳೆಯ ಚಿತ್ರಗಳ ಬಗ್ಗೆಯೂ ಒಂದು ಮಾತು. ಪಿಕ್ಸೆಲ್ ಫೋನಿನ ಮಾರ್ಕಪ್ ಸಾಧನದಲ್ಲಿಯೂ ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್‌ನಲ್ಲಿಯೂ ಒಂದು ದೋಷವಿದ್ದು, ಕತ್ತರಿಸಿದ ಭಾಗ ಕಡತದ ಬಾಲದಲ್ಲಿ ಉಳಿದು ಅದನ್ನು ಮರಳಿ ಪಡೆಯಬಹುದಿತ್ತು ಎಂದು 2023ರಲ್ಲಿ ಬಯಲಾಯಿತು. ದೋಷವನ್ನು ಸರಿಪಡಿಸಿದ್ದಾರೆ, ಆದರೆ ಅದಕ್ಕೂ ಮೊದಲು ಕತ್ತರಿಸಿದ ಚಿತ್ರಗಳು ಹಾಗೆಯೇ ಇರುತ್ತವೆ. ಅವುಗಳನ್ನು ಮತ್ತೆ ಹಂಚುವ ಮುನ್ನ ಬೇರೆ ತಂತ್ರಾಂಶದಲ್ಲಿ ತೆರೆದು ಹೊಸದಾಗಿ ಉಳಿಸಿಕೊಳ್ಳುವುದು ಕ್ಷೇಮ.

## ಹಂಚುವಾಗ

ಮೊದಲ ಸಾಲಿನ ಮಗು ಹಿಡಿದಿರುವ ಸ್ಲೇಟಿನ ಮೇಲೆ ಶಾಲೆಯ ಹೆಸರು, ತರಗತಿ, ವಿಭಾಗ, ವರ್ಷ; ಕೊರಳಲ್ಲಿ ಗುರುತಿನ ಚೀಟಿ; ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಪೂರ್ಣ ಹೆಸರು. ಇವೆಲ್ಲವೂ ಸೇರಿದಾಗ ಅಪರಿಚಿತನೊಬ್ಬ ಶಾಲೆಯ ಗೇಟಿನ ಬಳಿ ನಿಂತು ಮಗುವನ್ನು ಹೆಸರು ಹಿಡಿದು ಕರೆಯುವಷ್ಟು ಮಾಹಿತಿ ಅವನ ಕೈಯಲ್ಲಿರುತ್ತದೆ. ಗೋಡೆಗೆ ಹಾಕುವ ಮುದ್ರಿತ ಪ್ರತಿಯಲ್ಲಿ ಇವೆಲ್ಲ ಇರಲಿ, ಅದು ಮುಂದೆ ಮಕ್ಕಳಿಗೇ ಬೇಕಾಗುವ ನೆನಪು. ಫೋನ್‌ಗಳಿಗೆ ಹೋಗುವ ಪ್ರತಿಯಲ್ಲಿ ಹೆಸರಿನ ಪಟ್ಟಿಯನ್ನು ಕತ್ತರಿಸಿ, ಸ್ಲೇಟು ಮತ್ತು ಗುರುತಿನ ಚೀಟಿಗಳ ಬರಹವನ್ನು ಮುಚ್ಚಿ, ಉದ್ದದ ಬದಿ 1600 ಪಿಕ್ಸೆಲ್ ಮೀರದಂತೆ ಕಿರಿದುಗೊಳಿಸಿ. ಹಾಗೆ ಮಾಡಿದಾಗ ಸಾಲಿಗೆ ಹದಿನಾಲ್ಕು ಮಕ್ಕಳಿರುವ ಚಿತ್ರದಲ್ಲಿ ಒಂದೊಂದು ಮುಖ ಐವತ್ತು ಅರವತ್ತು ಪಿಕ್ಸೆಲ್‌ಗೆ ಇಳಿಯುತ್ತದೆ. ತಮ್ಮ ಮಗುವನ್ನು ನೋಡಿ ಸಂತೋಷಪಡಲು ಅದು ಸಾಕು, ಮುಖ ಕತ್ತರಿಸಿ ಬೇರೆ ಚಿತ್ರಕ್ಕೆ ಅಂಟಿಸಲು ಅಷ್ಟೇನೂ ಅನುಕೂಲವಲ್ಲ.

ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಆದರೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಮೂಲ ಕಡತ ಹಾಗೆಯೇ ಹೋಗುತ್ತದೆ. ಕಳುಹಿಸುವ ಮುನ್ನ ಗುಂಪಿನ ಸದಸ್ಯರ ಪಟ್ಟಿಯನ್ನು ಒಮ್ಮೆ ನೋಡಬೇಕು. ಶಾಲೆ ಬಿಟ್ಟುಹೋದ ಮಕ್ಕಳ ಮನೆಯವರು, ಹಳೆಯ ವ್ಯಾನ್ ಚಾಲಕರು, ಯಾರದೆಂದು ಗೊತ್ತಿಲ್ಲದ ನಂಬರ್‌ಗಳು ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಆಲ್ಬಮ್‌ನ ಲಿಂಕ್ ಕೊಡುವವರು, ಲಿಂಕ್ ಸಿಕ್ಕ ಯಾರು ಬೇಕಾದರೂ ಅದನ್ನು ತೆರೆಯಬಹುದು ಎಂಬುದನ್ನು ನೆನಪಿನಲ್ಲಿಟ್ಟು, ಎಲ್ಲರೂ ಇಳಿಸಿಕೊಂಡ ಮೇಲೆ ಲಿಂಕ್ ಅನ್ನು ಮುಚ್ಚಬೇಕು.

ಸಾಮಾನ್ಯ ಫೋಟೋದಿಂದ ಏನು ತಾನೇ ಆಗುತ್ತದೆ ಎನ್ನುವವರಿಗೆ ಸ್ಪೇನ್‌ನ ಅಲ್ಮೆಂದ್ರಾಲೆಹೊ ಪಟ್ಟಣದ ಸಂಗತಿಯನ್ನು ಹೇಳಬೇಕು. 2023ರಲ್ಲಿ ಅಲ್ಲಿನ ಇಪ್ಪತ್ತಕ್ಕೂ ಹೆಚ್ಚು ಬಾಲಕಿಯರು ಬಟ್ಟೆ ತೊಟ್ಟು ತೆಗೆಸಿಕೊಂಡು ಜಾಲತಾಣಗಳಲ್ಲಿ ಹಾಕಿದ್ದ ಸಾಮಾನ್ಯ ಚಿತ್ರಗಳಿಂದ ಆ್ಯಪ್ ಬಳಸಿ ನಗ್ನ ಚಿತ್ರಗಳನ್ನು ಸೃಷ್ಟಿಸಿ ಹಂಚಲಾಯಿತು. ಹಾಗೆ ಮಾಡಿದವರು ಅದೇ ಊರಿನ ಹುಡುಗರು, ಅವರೂ ಅಪ್ರಾಪ್ತರೇ.

## ಚಿತ್ರ ಕೈತಪ್ಪಿದಾಗ

ಒಪ್ಪಿಗೆ ಇಲ್ಲದೆ ಫೋಟೋ ಹೋಗಿದ್ದರೆ, ಕಳುಹಿಸಿದವರು ‘ಎಲ್ಲರಿಗೂ ಅಳಿಸು’ ಆಯ್ಕೆ ಬಳಸಿ, ಇಳಿಸಿಕೊಂಡವರಿಗೂ ಅಳಿಸುವಂತೆ ಮಗುವಿನ ಹೆಸರೆತ್ತದೆ ಕೇಳಬೇಕು. ಫ್ಲೆಕ್ಸ್ ಅಥವಾ ಪುಟದಲ್ಲಿ ಬಂದಿದ್ದರೆ ಶಾಲೆಗೆ ಬರಹದಲ್ಲಿ ತಿಳಿಸಿ, ತೆಗೆಯುವ ದಿನಾಂಕವನ್ನು ಬರಹದಲ್ಲೇ ಪಡೆಯಬೇಕು.

ಮಗುವಿನ ಮುಖವನ್ನು ಅಶ್ಲೀಲ ಚಿತ್ರಕ್ಕೆ ಸೇರಿಸಿರುವುದು ಕಂಡುಬಂದರೆ ಕ್ರಮವೇ ಬೇರೆ. ಸಾಕ್ಷಿಗಾಗಿ ಎಂದು ಆ ಚಿತ್ರವನ್ನು ಸಂಬಂಧಿಕರಿಗೆ, ಶಿಕ್ಷಕರಿಗೆ, ಗುಂಪುಗಳಿಗೆ ಕಳುಹಿಸಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಮತ್ತು ಪೋಕ್ಸೊ ಕಾಯ್ದೆಯ 15ನೇ ಕಲಂ ಪ್ರಕಾರ ಇಂತಹ ಚಿತ್ರವನ್ನು ಹಂಚುವುದೂ ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೂ ಅಪರಾಧ. ಅದು ಕಂಡ ಲಿಂಕ್, ಖಾತೆಯ ಹೆಸರು ಅಥವಾ ಫೋನ್ ನಂಬರ್, ದಿನಾಂಕ, ಸಮಯ ಇಷ್ಟನ್ನು ಬರೆದುಕೊಂಡು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ `cybercrime.gov.in` ನಲ್ಲಿ ದೂರು ಕೊಡಿ. ಆ ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೆ ಪ್ರತ್ಯೇಕ ವಿಭಾಗವಿದೆ, ಹೆಸರು ತಿಳಿಸದೆಯೂ ಮಾಹಿತಿ ನೀಡಬಹುದು. ಮಗುವಿಗೆ ನೆರವು ಬೇಕಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಯ `takeitdown.ncmec.org` ಸೇವೆಯನ್ನು ಇಲ್ಲಿಂದಲೂ ಬಳಸಬಹುದು. ಅದು ಚಿತ್ರವನ್ನು ಪಡೆಯುವುದಿಲ್ಲ. ನಿಮ್ಮ ಸಾಧನದಲ್ಲಿಯೇ ಚಿತ್ರದಿಂದ ಒಂದು ಸಂಖ್ಯಾ ಗುರುತನ್ನು ತಯಾರಿಸಿ, ಆ ಗುರುತನ್ನು ಮಾತ್ರ ಈ ಯೋಜನೆಯಲ್ಲಿ ಸೇರಿರುವ ಜಾಲತಾಣಗಳಿಗೆ ಕೊಡುತ್ತದೆ, ಅವು ತಮ್ಮಲ್ಲಿ ಅದೇ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸ್ಆ್ಯಪ್‌ನಂತಹ ಗೂಢಲಿಪೀಕೃತ ಸಂದೇಶಗಳೊಳಗೆ ಓಡಾಡುತ್ತಿರುವ ಪ್ರತಿಗಳನ್ನು ಈ ವಿಧಾನ ತಲುಪಲಾರದು. ಅಲ್ಲಿ ಕಳುಹಿಸಿದ ನಂಬರ್ ಅನ್ನು ದೂರಿನಲ್ಲಿ ಕೊಟ್ಟು ಪೊಲೀಸರ ಮೂಲಕವೇ ಮುಂದುವರಿಯಬೇಕು.